ಕಾರ್ಯಾಗಾರದ ಕ್ಯಾಪ್ಶನ್: ಬೇಗ ಹೆಸರು ಕೊಡಿ ಅನ್ನಬೇಕು, ಆದರೆ ಜನರ ಮೇಲೆ ಒತ್ತಡ ಹಾಕಬಾರದು. ಹೇಗೆ ಬರೆಯೋದು?

ಇಂದ್ರಾಳಿ_ಸರ್ಕ್ಯೂಟ್
ಎಲ್ಲರಿಗೂ ನಮಸ್ಕಾರ. ನಾವು ನಾಲ್ಕೈದು ಗೆಳೆಯರು ಸೇರಿ ಉಡುಪಿಯ ಕುಂಜಿಬೆಟ್ಟಿನಲ್ಲಿ ಒಂದು ದಿನದ ಕಾರ್ಯಾಗಾರ ಇಟ್ಟುಕೊಂಡಿದ್ದೇವೆ. ಇಎಸ್‌ಪಿ32 ಬೋರ್ಡ್ ಮತ್ತು ಅಲ್ಟ್ರಾಸಾನಿಕ್ ಸೆನ್ಸರ್ ಬಳಸಿ ನೀರಿನ ಟ್ಯಾಂಕಿನ ಮಟ್ಟ ಮೊಬೈಲ್‌ನಲ್ಲಿ ನೋಡುವ ಸಾಧನ ಮಾಡಿಸುತ್ತೇವೆ. ನವೆಂಬರ್ 22, ಭಾನುವಾರ. 12 ಮೇಜು ಉಂಟು, ಒಂದಕ್ಕೆ ಇಬ್ಬರಂತೆ 24 ಜನ. ಶುಲ್ಕ 900 ರೂಪಾಯಿ, ಊಟ ಸೇರಿ. ಮಾಡಿದ ಕಿಟ್ ಅವರಿಗೇ.

ಈ ಕ್ಯಾಪ್ಶನ್ ಬರೆದು ಇನ್‌ಸ್ಟಾಗ್ರಾಮ್‌ಗೂ ವಾಟ್ಸಾಪ್ ಗುಂಪುಗಳಿಗೂ ಹಾಕಿದ್ದೇವೆ:

> 🔥 ಸುವರ್ಣಾವಕಾಶ!!! ಐಒಟಿ ಲೋಕಕ್ಕೆ ಕಾಲಿಡಿ! ತಂತ್ರಜ್ಞಾನದ ಯುಗದಲ್ಲಿ ಹಿಂದೆ ಉಳಿಯಬೇಡಿ! ತಜ್ಞರಿಂದ ಒಂದು ದಿನದ ಕಾರ್ಯಾಗಾರ, ನವೆಂಬರ್ 22, ಉಡುಪಿ. ಸೀಮಿತ ಸೀಟುಗಳು!! ತ್ವರೆ ಮಾಡಿ!! ಲಿಂಕ್ ಬಯೋದಲ್ಲಿದೆ.

ಲೈಕ್ ಬರುತ್ತಿವೆ, ಹೆಸರು ಬರುತ್ತಿಲ್ಲ. ನಮಗೆ ಬೇಗ ಹೆಸರು ಬೇಕು, ಯಾಕೆಂದರೆ ಕಿಟ್ ಸಾಮಾನು ಮೊದಲೇ ತರಿಸಬೇಕು. ಆದರೆ ಹೆದರಿಸಿ ಕರೆಯಲು ಮನಸ್ಸಿಲ್ಲ. ಎಂತ ಮಾಡೋದು?

ಸುರತ್ಕಲ್_ಸೋಲ್ಡರ್
ಹೆದರಿಸದೆ ಯಾರೂ ಬರಲ್ಲ ಮಾರಾಯ್ರೆ. "ಕೊನೆಯ 3 ಸೀಟು" ಅಂತ ಹಾಕಿ, ನಾಳೆಯೇ ಫಾರ್ಮ್ ತುಂಬುತ್ತದೆ. ಲಿಂಕ್ ಚಿಕ್ಕದು ಮಾಡಿ ಎಲ್ಲಕ್ಕಿಂತ ಮೇಲೆ ಇಡಿ. ಉಳಿದದ್ದು ಯಾರೂ ಓದುವುದಿಲ್ಲ.

ಪುತ್ತೂರು_ಗೃಹಿಣಿ
ನನ್ನ ಮಗ 8ನೇ ಕ್ಲಾಸು. ಅವನಿಗೆ ಇಂಥದ್ದೆಲ್ಲ ಭಾರಿ ಇಷ್ಟ. ಹೆಸರು ಇಲ್ಲಿಯೇ ಕೊಡಬಹುದಾ? ಜೊತೆಗೆ ನಾನೂ ಬಂದರೆ ಕೂರಲು ಜಾಗ ಉಂಟಾ?

ಬಿಜೈ_ಬರಹ
ಪುತ್ತೂರಿನ ಅಕ್ಕನ ಪ್ರಶ್ನೆ ನೋಡಿ. ಅವರು ಬರಲು ತಯಾರಿದ್ದಾರೆ. ಆದರೆ ಇದು ಯಾರಿಗಾಗಿ ಅಂತ ಕ್ಯಾಪ್ಶನ್‌ನಲ್ಲಿ ಒಂದು ಶಬ್ದವೂ ಇಲ್ಲ. ಬರುವ ಮನಸ್ಸಿದ್ದವರೂ ಕೇಳಿಯೇ ತಿಳಿಯಬೇಕು ಅಂದರೆ, ಹತ್ತರಲ್ಲಿ ಒಂಬತ್ತು ಜನ ಕೇಳದೆ ಮುಂದೆ ಹೋಗುತ್ತಾರೆ.

ನಾನು ಮಂಗಳೂರಿನಲ್ಲಿ ಇಂಥ ಕಾರ್ಯಕ್ರಮಗಳ ಪ್ರಚಾರ ಬರೆಯುವ ಕೆಲಸವನ್ನೇ ಮಾಡುತ್ತೇನೆ. ನಿಮ್ಮ ಕ್ಯಾಪ್ಶನ್‌ನಲ್ಲಿ ಅವಸರದ ಶಬ್ದ ಬೇಕಾದಷ್ಟಿವೆ, ಅವಸರದ ಕಾರಣ ಮಾತ್ರ ಇಲ್ಲ. ಕಾರಣವನ್ನು ನೀವು ಇಲ್ಲಿ ನಮಗೆ ಹೇಳಿದ್ದೀರಿ: ಕಿಟ್ ಮೊದಲೇ ತರಿಸಬೇಕು. ಅದನ್ನೇ ಓದುವವರಿಗೂ ಹೇಳಿ. ಆರ್ಡರ್ ಯಾವಾಗ ಹಾಕುತ್ತೀರಿ?

ಇಂದ್ರಾಳಿ_ಸರ್ಕ್ಯೂಟ್
ನವೆಂಬರ್ 12, ಗುರುವಾರ. ಸಾಮಾನು ಬೆಂಗಳೂರಿನಿಂದ ಬರಬೇಕು. ದೀಪಾವಳಿ 8ರಿಂದ 10ರವರೆಗೆ, ಅದು ಮುಗಿದ ಮೇಲೆ ಹಾಕುತ್ತೇವೆ. ಬಂದ ಮೇಲೆ ಪ್ರತಿ ಬೋರ್ಡನ್ನೂ ಒಮ್ಮೆ ಪರೀಕ್ಷೆ ಮಾಡಿ ನೋಡಬೇಕು, ಅದಕ್ಕೆ ಎರಡು ದಿನ ಬೇಕು. ಹಾಗಾಗಿ 12 ದಾಟಿದರೆ ನಮಗೆ ಕಷ್ಟ.

@ಪುತ್ತೂರು_ಗೃಹಿಣಿ ಬನ್ನಿ ಅಕ್ಕ, ಮಗನನ್ನೂ ಕರೆತನ್ನಿ. 8ನೇ ಕ್ಲಾಸಿನಿಂದ ಮೇಲಿನ ಯಾರಿಗೂ ಆಗುತ್ತದೆ. ಲ್ಯಾಪ್‌ಟಾಪ್ ಮಾತ್ರ ಬೇಕು. ಫಾರ್ಮ್ ಲಿಂಕ್ ನಿಮಗೆ ಸಂದೇಶದಲ್ಲಿ ಕಳಿಸುತ್ತೇನೆ.

ಬಿಜೈ_ಬರಹ
ಸರಿ. ಹಾಗಾದರೆ ಅವಸರದ ಮಾತು ಮೂರು ವಾಕ್ಯದಲ್ಲಿ ಮುಗಿಯುತ್ತದೆ:

> ಕಿಟ್‌ಗಳಿಗೆ ನವೆಂಬರ್ 12ರಂದು ಆರ್ಡರ್ ಹಾಕುತ್ತೇವೆ. ಅಷ್ಟರೊಳಗೆ ಹೆಸರು ಕೊಟ್ಟ ಮೊದಲ 24 ಜನರಿಗೆ ಕಿಟ್ ಖಾತ್ರಿ. ಆಮೇಲೆ ಬರೆದವರನ್ನು ಕಾಯುವ ಪಟ್ಟಿಯಲ್ಲಿ ಇಟ್ಟು, ಯಾರಾದರೂ ಬಿಟ್ಟರೆ ಫೋನ್ ಮಾಡುತ್ತೇವೆ.

ಇದರಲ್ಲಿ "ತ್ವರೆ" ಇಲ್ಲ, ಆಶ್ಚರ್ಯ ಚಿಹ್ನೆ ಇಲ್ಲ. ಆದರೂ ಓದಿದವರಿಗೆ 12ನೇ ತಾರೀಕು ತಲೆಯಲ್ಲಿ ಉಳಿಯುತ್ತದೆ, ಯಾಕೆಂದರೆ ಅದರ ಹಿಂದೆ ಒಂದು ಕೆಲಸ ಇದೆ. ತಡವಾದರೆ ಏನಾಗುತ್ತದೆ ಅಂತಲೂ ಗೊತ್ತಾಗುತ್ತದೆ. ಒತ್ತಡ ಅನ್ನಿಸುವುದು ಯಾವಾಗ ಅಂದರೆ, ಗಡುವು ಇದೆ, ಕಾರಣ ಇಲ್ಲ, ತಪ್ಪಿದರೆ ಏನು ಅಂತಲೂ ಹೇಳುವುದಿಲ್ಲ. ಆಗ ಜನ ಒಂದೋ ಗಾಬರಿಯಲ್ಲಿ ಒತ್ತುತ್ತಾರೆ, ಇಲ್ಲ ನಂಬದೆ ಬಿಡುತ್ತಾರೆ.

ಸುರತ್ಕಲ್_ಸೋಲ್ಡರ್
ಗಾಬರಿಯಲ್ಲಾದರೂ ಒತ್ತಲಿ ಅಂತಲೇ ನಾನು ಹೇಳೋದು. ಫಾರ್ಮ್ ತುಂಬಿತಲ್ಲ.

ಬಿಜೈ_ಬರಹ
ಫಾರ್ಮ್ ತುಂಬುತ್ತದೆ, ಮೇಜು ತುಂಬುವುದಿಲ್ಲ. ಗಾಬರಿಯಲ್ಲಿ ಹೆಸರು ಬರೆದವರು ಆ ಭಾನುವಾರ ಬೆಳಿಗ್ಗೆ ಮದುವೆಗೋ ನೇಮಕ್ಕೋ ಹೋಗುತ್ತಾರೆ. ಕಾರ್ತಿಕ ಮಾಸದಲ್ಲಿ ನಮ್ಮ ಕಡೆ ಭಾನುವಾರ ಖಾಲಿ ಇರುವ ಮನೆ ಸಿಗುವುದೇ ಕಷ್ಟ. ಸೀಟು ಹಿಡಿದು ಬಾರದವನಿಂದ, ಬರಬೇಕಿದ್ದ ಒಬ್ಬನಿಗೆ ಜಾಗ ತಪ್ಪುತ್ತದೆ.

ಇನ್ನು "ಕೊನೆಯ 3 ಸೀಟು". ಅದು ಸುಳ್ಳಾದರೆ ಮಾತೇ ಬೇಡ. ನಿಜವಾದರೂ ವಾಟ್ಸಾಪ್‌ನಲ್ಲಿ ಅದು ಸುಳ್ಳಾಗಲು ಅರ್ಧ ದಿನ ಸಾಕು. ನೀವು ಸೋಮವಾರ ಹಾಕಿದ್ದು ಶುಕ್ರವಾರ ಕಾರ್ಕಳದ ಯಾವುದೋ ಗುಂಪಿಗೆ ತಲುಪುತ್ತದೆ. ಸಂಖ್ಯೆ ಹೇಳಲೇಬೇಕಾದರೆ ತಾರೀಕಿನ ಜೊತೆ ಹೇಳಿ: "ನವೆಂಬರ್ 5ರ ಸಂಜೆಗೆ 24ರಲ್ಲಿ 15 ಹೆಸರು ಬಂದಿವೆ." ಯಾವಾಗ ಓದಿದರೂ ಇದು ನಿಜವಾಗಿಯೇ ಇರುತ್ತದೆ. ಅದಕ್ಕೂ ಒಳ್ಳೆಯ ಜಾಗ ಸ್ಟೇಟಸ್. 24 ಗಂಟೆಯಲ್ಲಿ ತಾನೇ ಹೋಗುತ್ತದೆ, ಹಳೆಯ ಸಂಖ್ಯೆ ಊರೆಲ್ಲ ತಿರುಗುವುದಿಲ್ಲ.

ಮಲ್ಪೆ_ಅಲೆ
"ಬರುವ ಭಾನುವಾರ", "ನಾಳೆ ಕೊನೆ ದಿನ" ಇವೂ ಹಾಗೆಯೇ. ಹೋದ ವರ್ಷದ ರಕ್ತದಾನ ಶಿಬಿರದ ಸಂದೇಶ ನಮ್ಮ ಗುಂಪಿನಲ್ಲಿ ಇನ್ನೂ ಬರುತ್ತಾ ಇದೆ, "ಈ ಭಾನುವಾರ" ಅಂತ. ತಾರೀಕು, ವಾರ, ಇಸವಿ ಮೂರೂ ಹಾಕಿ.

ಕಾಪು_ಲೈಟ್‌ಹೌಸ್
ಕ್ಯಾಪ್ಶನ್ ವಿಷಯ ನನಗೆ ಗೊತ್ತಿಲ್ಲ. ಆದರೆ ಟ್ಯಾಂಕ್ ಮಟ್ಟ ನೋಡುವ ಸಾಧನ ಅಂದಿರಲ್ಲ, ನಮ್ಮ ಮನೆಯಲ್ಲಿ ಮಗ ಒಂದು ಹಾಕಿ ಕೊಟ್ಟಿದ್ದಾನೆ. ಟ್ಯಾಂಕ್ ಅರ್ಧ ಇರುವಾಗ ಸರಿ ತೋರಿಸುತ್ತದೆ. ತುಂಬುತ್ತಾ ಬಂದ ಹಾಗೆ ಏನೇನೋ ಅಂಕಿ ಬರುತ್ತದೆ, ನೀರು ಹರಿದು ಹೋಗುತ್ತದೆ. ಸೆನ್ಸರ್ ಹಾಳಾಗಿದೆಯಾ? ನೀರಿಗೆ ಹೆದರದ ಸೆನ್ಸರೇ ಅದು, ಮೇಲೆ JSN-SR04T ಅಂತ ಬರೆದಿದೆ.

ಇಂದ್ರಾಳಿ_ಸರ್ಕ್ಯೂಟ್
ಹಾಳಾಗಿಲ್ಲ ಸರ್. ಆ ಸೆನ್ಸರ್ ಶಬ್ದ ಕಳಿಸಿ ಅದೇ ಬಾಯಿಯಲ್ಲಿ ಪ್ರತಿಧ್ವನಿ ಕೇಳುತ್ತದೆ. ಕಳಿಸಿದ ಕೂಡಲೇ ಅದರ ಕಂಪನ ನಿಲ್ಲಬೇಕು, ಆಮೇಲೆಯೇ ಕೇಳಲು ಆಗೋದು. ಹಾಗಾಗಿ ಸುಮಾರು 20-25 ಸೆಂಟಿಮೀಟರ್‌ಗಿಂತ ಹತ್ತಿರ ಇರುವ ನೀರನ್ನು ಅದು ಅಳೆಯುವುದಿಲ್ಲ. ಸೆನ್ಸರನ್ನು ಟ್ಯಾಂಕಿನ ಮುಚ್ಚಳಕ್ಕೆ ಅಗಲವಾದ ಒಂದು ಪಿವಿಸಿ ಪೈಪಿನ ತುಂಡು ಇಟ್ಟು ಮೇಲೆ ಎತ್ತಿ ಕೂರಿಸಿ. ಟ್ಯಾಂಕ್ ಪೂರ್ತಿ ತುಂಬಿದಾಗಲೂ ಮಧ್ಯೆ 30 ಸೆಂಟಿಮೀಟರ್ ಅಂತರ ಇರಲಿ. ಪೈಪ್ ಕಿರಿದಾದರೆ ಅದರ ಗೋಡೆಯಿಂದಲೇ ಪ್ರತಿಧ್ವನಿ ಬರುತ್ತದೆ, ಅದನ್ನು ನೋಡಿಕೊಳ್ಳಿ.

ಕಾಪು_ಲೈಟ್‌ಹೌಸ್
ಓಹೋ. ಸೆನ್ಸರ್ ಈಗ ಮುಚ್ಚಳದ ಒಳಗೇ ಇದೆ, ತುಂಬಿದಾಗ ನೀರು ಒಂದು ಗೇಣು ಕೆಳಗೆ ಇರುತ್ತದೆ. ಇದನ್ನು ಕಾರ್ಯಾಗಾರದಲ್ಲಿ ಹೇಳಿಕೊಡುತ್ತೀರಾದರೆ ನಾನೂ ಬರುತ್ತೇನೆ. ನನಗೆ 67. ಪ್ರೋಗ್ರಾಂ ಬರೆಯಲು ಬರುವುದಿಲ್ಲ.

ಬಿಜೈ_ಬರಹ
@ಇಂದ್ರಾಳಿ_ಸರ್ಕ್ಯೂಟ್ ನಿಮ್ಮ ಮೊದಲ ಸಾಲು ಇಲ್ಲೇ ಸಿಕ್ಕಿತು. "ಐಒಟಿ ಲೋಕಕ್ಕೆ ಕಾಲಿಡಿ" ಅಂದರೆ ಕಾಪುವಿನ ಸರ್‌ಗೆ ಏನೂ ಅನ್ನಿಸಿರಲಿಕ್ಕಿಲ್ಲ. ಟ್ಯಾಂಕ್ ಅಂದ ಕೂಡಲೇ ಮಾತಾಡಿದರು. ಇನ್‌ಸ್ಟಾಗ್ರಾಮ್‌ನಲ್ಲಿ ಮೊದಲ ಎರಡು ಸಾಲು ಮಾತ್ರ ಕಾಣುತ್ತದೆ, ಸುಮಾರು 125 ಅಕ್ಷರ. ಉಳಿದದ್ದು ಮಡಚಿರುತ್ತದೆ. ಆ ಜಾಗವನ್ನು "ಸುವರ್ಣಾವಕಾಶ"ಕ್ಕೆ ಕೊಟ್ಟರೆ ತಾರೀಕು, ಊರು ಎರಡೂ ಒಳಗೆ ಹೋಗುತ್ತವೆ. ಕೈಯಲ್ಲಿ ಏನು ತೆಗೆದುಕೊಂಡು ಮನೆಗೆ ಹೋಗುತ್ತೀರಿ ಅನ್ನುವುದು ಮೊದಲ ಸಾಲು. ಯಾವಾಗ, ಎಲ್ಲಿ ಅನ್ನುವುದು ಎರಡನೆಯದು.

ಸುರತ್ಕಲ್_ಸೋಲ್ಡರ್
ಲಿಂಕ್? ಅದು ಮೊದಲು ಬೇಡವಾ? ಮತ್ತೆ "ಲಿಂಕ್ ಬಯೋದಲ್ಲಿ" ಅನ್ನೋದು ಸರಿಯೇ ಅಲ್ವಾ, ಕ್ಯಾಪ್ಶನ್‌ನಲ್ಲಿ ಹಾಕಿದ ಲಿಂಕ್ ಒತ್ತಲು ಆಗುವುದಿಲ್ಲ.

ದೇರೆಬೈಲ್_ಡಿಸೈನ್
ಇನ್‌ಸ್ಟಾಗ್ರಾಮ್‌ಗೆ ನಿಮ್ಮ ಮಾತು ಸರಿ. ಅಲ್ಲಿ ಪೋಸ್ಟಿನ ಕ್ಯಾಪ್ಶನ್‌ನಲ್ಲಿ ಲಿಂಕ್ ಬರೀ ಅಕ್ಷರ, ಬಯೋದಲ್ಲಿ ಹಾಕಬೇಕು, ಸ್ಟೋರಿಯಲ್ಲಾದರೆ ಲಿಂಕ್ ಸ್ಟಿಕ್ಕರ್ ಹಾಕಬೇಕು. ಆದರೆ ಇವರು ಅದೇ ಕ್ಯಾಪ್ಶನನ್ನು ವಾಟ್ಸಾಪ್‌ಗೂ ಹಾಕಿದ್ದಾರೆ. ಅಲ್ಲಿ ಯಾವ ಬಯೋ? ಓದಿದವರು ಲಿಂಕ್ ಹುಡುಕಿ ಸುಮ್ನೆ ಬಿಟ್ಟಿರುತ್ತಾರೆ. ಹೆಸರು ಬಾರದಿರಲು ಅರ್ಧ ಕಾರಣ ಅದೇ ಅಂತ ನನಗನ್ನಿಸುತ್ತದೆ. ಎರಡು ಜಾಗಕ್ಕೆ ಎರಡು ಕ್ಯಾಪ್ಶನ್ ಬೇಕು, ಕೊನೆಯ ಸಾಲು ಮಾತ್ರ ಬೇರೆ.

ಚಿಕ್ಕ ಲಿಂಕ್ ಮಾಡುವ ಬೇರೆ ಸೈಟು ಬೇಡ. ಎಲ್ಲಿಗೆ ಹೋಗುತ್ತದೆ ಅಂತ ಕಾಣದ ಲಿಂಕ್ ಅಂದರೆ ಈಗ ಜನ ಹೆದರುತ್ತಾರೆ, ಮೋಸದ ಸಂದೇಶ ಅಷ್ಟು ಬರುತ್ತವೆ. ಗೂಗಲ್ ಫಾರ್ಮ್‌ನಲ್ಲಿಯೇ ಕಳಿಸುವ ಜಾಗದಲ್ಲಿ ಚಿಕ್ಕದು ಮಾಡುವ ಆಯ್ಕೆ ಇದೆ. `forms.gle` ಅಂತ ಶುರುವಾಗುತ್ತದೆ, ನೋಡಿದರೆ ಫಾರ್ಮ್ ಅಂತ ಗೊತ್ತಾಗುತ್ತದೆ. ಮತ್ತೆ ಬ್ರೌಸರ್ ಮೇಲಿನ ವಿಳಾಸವನ್ನು ಹಾಗೆಯೇ ನಕಲು ಮಾಡಬೇಡಿ. ಅದರ ಕೊನೆಯಲ್ಲಿ `/edit` ಇದ್ದರೆ ಅದು ನಿಮ್ಮ ತಿದ್ದುವ ಪುಟ. ಬೇರೆಯವರು ಒತ್ತಿದರೆ ಅನುಮತಿ ಕೇಳುತ್ತದೆ.

ಬಿಜೈ_ಬರಹ
ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಂದರೆ ಉಂಟು. ಲಿಂಕಿಗೆ "ಗೆ", "ನಲ್ಲಿ" ಅಂತ ಅಂಟಿಸಿ ಬರೆಯುತ್ತೇವೆ. ಹೀಗೆ:

```
forms.gle/abcdನಲ್ಲಿ ನೋಂದಾಯಿಸಿ
```

ಕೆಲವು ಫೋನ್‌ಗಳಲ್ಲಿ ಆ "ನಲ್ಲಿ"ಯೂ ವಿಳಾಸದ ಒಳಗೆ ಸೇರಿಬಿಡುತ್ತದೆ. ಒತ್ತಿದರೆ ಪುಟ ಸಿಗುವುದಿಲ್ಲ. "ಹೆಸರು ಕೊಡಲು:" ಅಂತ ಒಂದು ಸಾಲು, ಅದರ ಕೆಳಗೆ ಲಿಂಕ್ ಒಂದೇ. ಹಿಂದೆ ಮುಂದೆ ಏನೂ ಬೇಡ.

ಕಟಪಾಡಿ_ಕೋಡ್
ಸರ್ಟಿಫಿಕೇಟ್ ಕೊಡ್ತೀರಾ? ಆಕ್ಟಿವಿಟಿ ಪಾಯಿಂಟ್ ಸಿಗುತ್ತಾ? ನಮ್ಮ ಕ್ಲಾಸಿನವರು ಅದೊಂದೇ ಕೇಳೋದು. ಕ್ಯಾಪ್ಶನ್‌ನಲ್ಲಿ "ಪಾಯಿಂಟ್ ಸಿಗುತ್ತದೆ" ಅಂತ ಹಾಕಿದ್ರೆ ಒಂದೇ ಕ್ಲಾಸಿಂದ 24 ಜನ ಬರ್ತಾರೆ.

ಇಂದ್ರಾಳಿ_ಸರ್ಕ್ಯೂಟ್
ಭಾಗವಹಿಸಿದ ಪತ್ರ ಕೊಡುತ್ತೇವೆ. ಪಾಯಿಂಟ್ ಕೊಡುವುದು ನಿಮ್ಮ ಕಾಲೇಜು, ನಾವಲ್ಲ. ಅದನ್ನು ನಾವು ಬರೆಯಲು ಆಗುವುದಿಲ್ಲ ತಮ್ಮಾ. ನಿಮ್ಮ ಮೆಂಟರ್ ಹತ್ತಿರ ಮೊದಲು ಕೇಳಿ ಬಾ.

ಮಲ್ಪೆ_ಅಲೆ
ಪತ್ರದ ವಿಷಯ ಕ್ಯಾಪ್ಶನ್‌ನಲ್ಲಿ ಬೇಡ ಅಂತ ನನ್ನ ಅಭಿಪ್ರಾಯ. ಪತ್ರಕ್ಕಾಗಿ ಬಂದವರು ಮಧ್ಯಾಹ್ನ ಊಟ ಆದ ಮೇಲೆ ಇರುವುದಿಲ್ಲ.

ಕಟಪಾಡಿ_ಕೋಡ್
ಎಲ್ಲರೂ ಹಾಗಲ್ಲ ಅಕ್ಕ. ನಮಗೆ 900 ರೂಪಾಯಿ ಮನೆಯಲ್ಲಿ ಕೇಳಬೇಕಾದರೆ ಪತ್ರ ಇದೆ ಅಂತ ಹೇಳಬೇಕಾಗುತ್ತದೆ. ಒಂದು ಸಾಲು ಇದ್ದರೆ ನಮಗೆ ಸಹಾಯ.

ಮಲ್ಪೆ_ಅಲೆ
ಅದೂ ಹೌದು. ಆದರೂ ಕೊನೆಯಲ್ಲಿ ಇರಲಿ, ಮೇಲೆ ಬೇಡ.

ಸುರತ್ಕಲ್_ಸೋಲ್ಡರ್
900 ಜಾಸ್ತಿ ಆಯಿತು. ಉಚಿತ ಅಂತ ಹಾಕಿದರೆ ಅವಸರದ ಪ್ರಶ್ನೆಯೇ ಬರುವುದಿಲ್ಲ.

ಇಂದ್ರಾಳಿ_ಸರ್ಕ್ಯೂಟ್
ಬೋರ್ಡು, ಸೆನ್ಸರು, ಪವರ್ ಅಡಾಪ್ಟರ್, ಊಟ ಸೇರಿದರೆ ನಮಗೆ ಉಳಿಯುವುದು ಏನೂ ಇಲ್ಲ ಅಣ್ಣ. ಉಚಿತ ಮಾಡಿದರೆ ಕಿಟ್ ವಾಪಸ್ ಪಡೆಯಬೇಕು. ಮನೆಗೆ ಒಯ್ಯದಿದ್ದರೆ ಕಲಿತದ್ದು ಅಲ್ಲಿಗೇ ನಿಲ್ಲುತ್ತದೆ.

ಸುರತ್ಕಲ್_ಸೋಲ್ಡರ್
ನಾನು ಒಪ್ಪುವುದಿಲ್ಲ. ಕಾಲೇಜಿನ ಮಕ್ಕಳಿಗೆ ಅರ್ಧ ದರವಾದರೂ ಇಡಬಹುದಿತ್ತು. ಹಾಗೆ ಇಟ್ಟಿದ್ದರೆ ಕ್ಯಾಪ್ಶನ್‌ಗೂ ಒಂದು ಒಳ್ಳೆಯ ಸಾಲು ಸಿಗುತ್ತಿತ್ತು.

ದೇರೆಬೈಲ್_ಡಿಸೈನ್
ಹಣ ಹೇಗೆ ತೆಗೆದುಕೊಳ್ಳುತ್ತೀರಿ? ಯುಪಿಐ ಮಾಡಿ ಸ್ಕ್ರೀನ್‌ಶಾಟ್ ಫಾರ್ಮ್‌ಗೆ ಹಾಕಿ ಅಂದರೆ, ಗೂಗಲ್ ಫಾರ್ಮ್ ಲಾಗಿನ್ ಕೇಳುತ್ತದೆ. ಫೈಲ್ ಹಾಕುವ ಪ್ರಶ್ನೆ ಒಂದಿದ್ದರೂ ಸಾಕು, ಗೂಗಲ್ ಖಾತೆ ತೆರೆದಿಲ್ಲದವರಿಗೆ ಫಾರ್ಮೇ ತುಂಬಲು ಆಗುವುದಿಲ್ಲ. ಅದರ ಬದಲು 12 ಅಂಕಿಯ ಯುಪಿಐ ವಹಿವಾಟು ಸಂಖ್ಯೆ ಕೇಳಿ. ಕ್ಯಾಪ್ಶನ್ ಎಷ್ಟೇ ಚೆನ್ನಾಗಿರಲಿ, ಲಿಂಕ್ ಒತ್ತಿದವರು ಅಲ್ಲಿ ಸಿಕ್ಕಿಹಾಕಿಕೊಂಡರೆ ಮತ್ತೆ ಬರುವುದಿಲ್ಲ. ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಲಿಂಕ್ ತೆರೆದು ನೋಡಿ. ಲಾಗಿನ್ ಇಲ್ಲದೆ ತೆರೆದರೆ ಸರಿ ಇದೆ ಅಂತ ಅರ್ಥ.

ಇಂದ್ರಾಳಿ_ಸರ್ಕ್ಯೂಟ್
ಈಗಲೇ ನೋಡಿದೆ. ಲಾಗಿನ್ ಕೇಳುತ್ತಿದೆ! ಸ್ಕ್ರೀನ್‌ಶಾಟ್ ಪ್ರಶ್ನೆ ಇತ್ತು. ತೆಗೆದು ಸಂಖ್ಯೆ ಕೇಳುತ್ತೇನೆ. ತುಂಬಾ ಉಪಕಾರ ಆಯಿತು.

ಕುಂದಾಪ್ರದವ
ಜಾಗ ಎಲ್ಲಿ ಅಂತ ಸರಿಯಾಗಿ ಬರೆಯಿರಿ. "ಉಡುಪಿ" ಅಂದರೆ ನಾವು ಸರ್ವಿಸ್ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಯಾರನ್ನು ಕೇಳೋದು? ಮ್ಯಾಪ್ ಲಿಂಕ್ ಒಂದು ಹಾಕಿದರೆ ಸಾಕು.

ಬಿಜೈ_ಬರಹ
ಮ್ಯಾಪ್ ಲಿಂಕ್ ಬೇಕು, ಆದರೆ ಅದೊಂದೇ ಸಾಲದು. ಬಸ್ಸಿನಲ್ಲಿ ಕಂಡಕ್ಟರಿಗೆ ಹೇಳಲು ಒಂದು ಸ್ಟಾಪಿನ ಹೆಸರು ಬೇಕು. ಕುಂಜಿಬೆಟ್ಟು ಅಂದರೆ ಉಡುಪಿ-ಮಣಿಪಾಲ ದಾರಿಯಲ್ಲೇ ಅಲ್ವಾ, "ಎಂಜಿಎಂ ಕಾಲೇಜು ಸ್ಟಾಪ್" ಅಂದರೆ ಯಾವ ಕಂಡಕ್ಟರಿಗೂ ಗೊತ್ತು. ರೈಲಿನಲ್ಲಿ ಬರುವವರಿಗೆ ಇಂದ್ರಾಳಿ ನಿಲ್ದಾಣ ಹತ್ತಿರ ಅಂತಲೂ ಒಂದು ಮಾತು ಇರಲಿ. ಮಂಗಳೂರಿನವರಿಗೆ ಭಾನುವಾರ ಬೆಳಿಗ್ಗೆ 9.30ಕ್ಕೆ ತಲುಪಬಹುದಾ ಅನ್ನುವುದೇ ಮೊದಲ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕಿದರೆ ಹೆಸರು ಕೊಡುವುದು ಸುಲಭ.

ದೇರೆಬೈಲ್_ಡಿಸೈನ್
ಒಂದು ಸೇರಿಸುತ್ತೇನೆ. ಪೋಸ್ಟರ್ ಚಿತ್ರಕ್ಕೆ ಕ್ಯಾಪ್ಶನ್ ಹಾಕಿ ಕಳಿಸಿದರೂ, ಮುಂದೆ ಕಳಿಸುವವರು ಎಷ್ಟೋ ಸಲ ಚಿತ್ರ ಮಾತ್ರ ಕಳಿಸುತ್ತಾರೆ. ಸ್ಟೇಟಸ್‌ಗೆ ಹಾಕುವವರೂ ಹಾಗೆಯೇ. ಆದ್ದರಿಂದ ತಾರೀಕು, ಜಾಗ, ಕ್ಯುಆರ್ ಕೋಡ್ ಚಿತ್ರದ ಮೇಲೂ ಇರಲಿ. ಚಿತ್ರ ಇಲ್ಲದೆ ಬರಹ ಮಾತ್ರ ಹೋದರೂ ಅರ್ಥವಾಗಬೇಕು. ಎರಡೂ ಒಂಟಿಯಾಗಿ ನಿಲ್ಲಬೇಕು.

ಸುರತ್ಕಲ್_ಸೋಲ್ಡರ್
ಲ್ಯಾಪ್‌ಟಾಪ್ ವಿಷಯ ಮರೆಯಬೇಡಿ. ಕೇಬಲ್ ಬರೀ ಚಾರ್ಜ್ ಆಗುವಂಥದ್ದಾದರೆ ಬೋರ್ಡ್‌ನ ದೀಪ ಉರಿಯುತ್ತದೆ, ಕಂಪ್ಯೂಟರಿಗೆ ಮಾತ್ರ ಕಾಣುವುದಿಲ್ಲ. ಅರ್ಧ ಬೆಳಗು ಅದರಲ್ಲೇ ಹೋಗುತ್ತದೆ. ಆಫೀಸಿನ ಲ್ಯಾಪ್‌ಟಾಪ್ ತಂದರೆ ಡ್ರೈವರ್ ಹಾಕಲು ಅನುಮತಿ ಇರುವುದಿಲ್ಲ. CP2102 ಅಥವಾ CH340, ಬೋರ್ಡ್‌ನಲ್ಲಿ ಯಾವ ಚಿಪ್ ಇದೆಯೋ ಅದರ ಡ್ರೈವರ್ ಮೊದಲೇ ಹಾಕಿಕೊಂಡು ಬನ್ನಿ ಅಂತ ಕ್ಯಾಪ್ಶನ್‌ನಲ್ಲೇ ಬರೆಯಿರಿ.

ಬಿಜೈ_ಬರಹ
ವಿಷಯ ಸರಿ, ಜಾಗ ಕ್ಯಾಪ್ಶನ್ ಅಲ್ಲ. ಕಾಪುವಿನ ಸರ್ ಆ ಸಾಲು ಓದಿದರೆ "ಇದು ನನಗಲ್ಲ" ಅಂತ ಮುಚ್ಚಿಬಿಡುತ್ತಾರೆ. ಕ್ಯಾಪ್ಶನ್‌ನಲ್ಲಿ "ಸ್ವಂತ ಲ್ಯಾಪ್‌ಟಾಪ್ ತನ್ನಿ" ಅಂದರೆ ಸಾಕು. ಡ್ರೈವರ್ ಮಾತು ಹೆಸರು ಕೊಟ್ಟವರಿಗೆ ಹಿಂದಿನ ವಾರ ಕಳಿಸುವ ಸಂದೇಶದಲ್ಲಿ ಬರಲಿ. ಕೇಬಲ್ ನೀವೇ ಕೊಡಿ.

ಇಂದ್ರಾಳಿ_ಸರ್ಕ್ಯೂಟ್
ಎಲ್ಲ ಸೇರಿಸಿ ವಾಟ್ಸಾಪ್‌ಗೆ ಹೀಗೆ ಬರೆದೆ. ನೋಡಿ ಹೇಳಿ:

> ನೀರಿನ ಟ್ಯಾಂಕ್ ಎಷ್ಟು ತುಂಬಿದೆ ಅಂತ ಮೊಬೈಲ್‌ನಲ್ಲಿ ತೋರಿಸುವ ಸಾಧನವನ್ನು ನೀವೇ ಮಾಡಿ, ಮನೆಗೆ ಒಯ್ಯಿರಿ.
>
> 2026 ನವೆಂಬರ್ 22, ಭಾನುವಾರ, ಬೆಳಿಗ್ಗೆ 9.30ರಿಂದ ಸಂಜೆ 4.30
> ಕುಂಜಿಬೆಟ್ಟು, ಉಡುಪಿ. ಮಣಿಪಾಲ ಬಸ್ಸಿನಲ್ಲಿ ಎಂಜಿಎಂ ಕಾಲೇಜು ಸ್ಟಾಪ್. ಇಂದ್ರಾಳಿ ರೈಲು ನಿಲ್ದಾಣವೂ ಹತ್ತಿರ.
>
> 8ನೇ ತರಗತಿಯಿಂದ ಮೇಲಿನ ಯಾರೂ ಬರಬಹುದು. ಪ್ರೋಗ್ರಾಂ ಬರೆದು ಅಭ್ಯಾಸ ಬೇಕಿಲ್ಲ. ಸ್ವಂತ ಲ್ಯಾಪ್‌ಟಾಪ್ ತನ್ನಿ. ಶುಲ್ಕ 900 ರೂಪಾಯಿ, ಕಿಟ್ ಮತ್ತು ಊಟ ಸೇರಿ.
>
> ಕಿಟ್‌ಗಳಿಗೆ ನವೆಂಬರ್ 12ರಂದು ಆರ್ಡರ್ ಹಾಕುತ್ತೇವೆ. ಅಷ್ಟರೊಳಗೆ ಹೆಸರು ಕೊಟ್ಟ ಮೊದಲ 24 ಜನರಿಗೆ ಕಿಟ್ ಖಾತ್ರಿ. ಆಮೇಲೆ ಬರೆದವರನ್ನು ಕಾಯುವ ಪಟ್ಟಿಯಲ್ಲಿ ಇಟ್ಟು, ಜಾಗ ಆದರೆ ಫೋನ್ ಮಾಡುತ್ತೇವೆ. ಬರಲಾಗದು ಅಂತ 12ರೊಳಗೆ ತಿಳಿಸಿದರೆ ಹಣ ಪೂರ್ತಿ ವಾಪಸ್.
>
> ಹೆಸರು ಕೊಡಲು:
> (ಫಾರ್ಮ್ ಲಿಂಕ್)
>
> ಭಾಗವಹಿಸಿದವರಿಗೆ ಪತ್ರ ಕೊಡಲಾಗುವುದು.

ಇನ್‌ಸ್ಟಾಗ್ರಾಮ್‌ಗೆ ಇದೇ, ಲಿಂಕ್ ಜಾಗದಲ್ಲಿ ಮಾತ್ರ "ಬಯೋದಲ್ಲಿರುವ ಮೊದಲ ಲಿಂಕ್".

ಬಿಜೈ_ಬರಹ
ಹಣ ವಾಪಸ್ ಸಾಲು ನಿಮ್ಮದೇ ಯೋಚನೆ, ತುಂಬಾ ಒಳ್ಳೆಯದು. ಬಾರದವರು 12ರೊಳಗೆ ತಾವೇ ಹೇಳುತ್ತಾರೆ, ನಿಮಗೆ ಆರ್ಡರ್ ಸಂಖ್ಯೆ ಸರಿಯಾಗಿ ಸಿಗುತ್ತದೆ. "ಕೊಡಲಾಗುವುದು" ತೆಗೆದು "ಕೊಡುತ್ತೇವೆ" ಅನ್ನಿ, ಉಳಿದದ್ದೆಲ್ಲ ನೀವೇ ಮಾತಾಡಿದ ಹಾಗೆ ಇದೆ.

24 ತುಂಬಿದ ಮೇಲೂ ಸಂದೇಶ ತಿರುಗುತ್ತಲೇ ಇರುತ್ತದೆ, ಅದನ್ನು ತಡೆಯಲು ಆಗುವುದಿಲ್ಲ. ಆದ್ದರಿಂದ ಫಾರ್ಮ್‌ನ ಮೊದಲ ಸಾಲಿನಲ್ಲಿ ತಾರೀಕು, ಜಾಗ ಮತ್ತೆ ಬರೆಯಿರಿ. ತುಂಬಿದ ದಿನ ಅಲ್ಲಿಯೇ "24 ಸ್ಥಾನ ಭರ್ತಿ, ಈಗ ಬರೆದರೆ ಕಾಯುವ ಪಟ್ಟಿ" ಅಂತ ಬದಲಿಸಿ. ಆಗ ಹಣದ ಪ್ರಶ್ನೆಯನ್ನೂ ತೆಗೆಯಿರಿ, ಕಾಯುವವರಿಂದ ಹಣ ತೆಗೆದುಕೊಳ್ಳಬೇಡಿ. ಕಾರ್ಯಾಗಾರ ಮುಗಿದ ಮೇಲೆ ಫಾರ್ಮ್ ನಿಲ್ಲಿಸಿ. ನಿಲ್ಲಿಸುವಾಗ ತೋರಿಸುವ ಸಂದೇಶವನ್ನು ನಾವೇ ಬರೆಯಬಹುದು, "ಮುಗಿದಿದೆ" ಅಂತ ಸ್ಪಷ್ಟವಾಗಿ ಹಾಕಿ.

ಸುರತ್ಕಲ್_ಸೋಲ್ಡರ್
ಉದ್ದ ಆಯಿತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಆದರೆ 12ರ ಕಾರಣ ಹೇಳಿದ್ದು ಚೆನ್ನಾಗಿದೆ. ನಮ್ಮ ಸುರತ್ಕಲ್ ಗುಂಪಿಗೆ ನಾನು ಹಾಕುತ್ತೇನೆ.

ಪುತ್ತೂರು_ಗೃಹಿಣಿ
ಲಿಂಕ್ ಬಂತು, ಮಗನ ಹೆಸರು ಕೊಟ್ಟೆ. ನಾನೂ ಜೊತೆಗೆ ಕೂತರೆ ಇನ್ನೊಂದು 900 ಕೊಡಬೇಕಾ?

ಇಂದ್ರಾಳಿ_ಸರ್ಕ್ಯೂಟ್
ಬೇಡ ಅಕ್ಕ. ಒಂದು ಕಿಟ್‌ಗೆ ಒಂದು ಶುಲ್ಕ. ಊಟಕ್ಕೆ ಮಾತ್ರ ಲೆಕ್ಕ ಬೇಕು, ಫಾರ್ಮ್‌ನಲ್ಲಿ "ಜೊತೆಗೆ ಬರುವವರು" ಅಂತ ಒಂದು ಪ್ರಶ್ನೆ ಸೇರಿಸುತ್ತೇನೆ.

ಕುಂದಾಪ್ರದವ
ಭಾನುವಾರ ಬೆಳಿಗ್ಗೆ ಕುಂದಾಪುರದಿಂದ ಎಕ್ಸ್‌ಪ್ರೆಸ್ ಕಡಿಮೆ. 9.30 ಅಂದರೆ 9.30ಕ್ಕೇ ಶುರುವಾ, ಇಲ್ಲ 10ಕ್ಕಾ?

ಇಂದ್ರಾಳಿ_ಸರ್ಕ್ಯೂಟ್
9.30ಕ್ಕೆ ಲ್ಯಾಪ್‌ಟಾಪ್ ತಯಾರಿ, 10ಕ್ಕೆ ಪಾಠ ಶುರು. 10ರೊಳಗೆ ಬಂದರೆ ಏನೂ ತಪ್ಪುವುದಿಲ್ಲ. ಇದನ್ನೂ ಕ್ಯಾಪ್ಶನ್‌ಗೆ ಸೇರಿಸುತ್ತೇನೆ.